ಕೆಲಸ ಆರು ತಿಂಗಳದ್ದು, ಲಾಕ್-ಇನ್ ಹನ್ನೊಂದು ತಿಂಗಳದ್ದು: ಸಹಿಗೆ ಮೊದಲು ಏನು ಕೇಳಬೇಕು?

ಪ್ರಶ್ನೆ: ನಾನು ಹೊಸನಗರದವಳು. ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೆಲಸ ಸಿಕ್ಕಿದೆ. ಆರು ತಿಂಗಳ ಗುತ್ತಿಗೆ, ಡಿಸೆಂಬರ್ 1ರಿಂದ ಮೇ 31ರವರೆಗೆ. ಆಮೇಲೆ ಮುಂದುವರಿಸಬಹುದು ಅಂದಿದ್ದಾರೆ, ಬರೆದು ಕೊಟ್ಟಿಲ್ಲ. ವಿನೋಬನಗರದಲ್ಲಿ ಅಮ್ಮನಿಗೂ ನನಗೂ ಹಿಡಿಸುವ ಮನೆ ಸಿಕ್ಕಿದೆ. ಬಾಡಿಗೆ 12,000, ಅಡ್ವಾನ್ಸ್ 60,000. ಕರಾರು ಹನ್ನೊಂದು ತಿಂಗಳದ್ದು, ಹನ್ನೊಂದು ತಿಂಗಳೂ ಲಾಕ್-ಇನ್. ಮೊದಲೇ ಬಿಟ್ಟರೆ ಉಳಿದ ಬಾಡಿಗೆ ಪೂರ್ತಿ ಕೊಡಬೇಕಂತೆ. ಕೆಲಸದ ವಿಷಯ ನಿಜ ಹೇಳಿದರೆ ಮನೆ ಕೈತಪ್ಪುತ್ತೆ ಅಂತಾರೆ ಬ್ರೋಕರ್. 'ಅದೆಲ್ಲ ಸುಮ್ನೆ ಬರೆಯೋದು, ಸಹಿ ಹಾಕಿ' ಅಂತಲೂ ಅಂತಾರೆ. ಇನ್ನೂ ಟೋಕನ್ ಕೊಟ್ಟಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದ ಕೊನೆಯಲ್ಲಿ 'ಇನ್ನೂ ಟೋಕನ್ ಕೊಟ್ಟಿಲ್ಲ' ಅಂತ ಓದಿ ಸಮಾಧಾನ ಆಯಿತು. ಸದ್ಯಕ್ಕೆ ಕೊಡಬೇಡಿ. ಬಾಡಿಗೆ ಕರಾರು ಬರೆದುಕೊಡುವ ವಕೀಲಿಕೆಯಲ್ಲಿ ಇಷ್ಟು ವರ್ಷ ಕಳೆದ ಮೇಲೆ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ಟೋಕನ್ ಕೈ ಬದಲಾಗುವ ತನಕ ಇಬ್ಬರೂ ಸಮ. ಐದು ಸಾವಿರ ಕೊಟ್ಟು ಬಂದ ಮೇಲೆ 'ಈ ಷರತ್ತು ಬದಲಾಯಿಸಿ' ಅಂದರೆ, 'ಮೊದಲೇ ಹೇಳಬೇಕಿತ್ತಲ್ಲ ಮಾರಾಯ್ರೆ' ಅನ್ನುವ ಉತ್ತರ ಬರುತ್ತದೆ. ಅವರು ಹಾಗೆ ಹೇಳುವುದು ನ್ಯಾಯವೇ.

ಮೊದಲು ಬ್ರೋಕರ್ ಮಾತು ನೋಡೋಣ. 'ಸುಮ್ನೆ ಬರೆಯೋದು' ಅನ್ನುವುದನ್ನು ನಾನು ನೂರಾರು ಸಲ ಕೇಳಿದ್ದೇನೆ. ಅವರಿಗೆ ಕಮಿಷನ್ ಸಿಗುವುದು ನೀವು ಸಹಿ ಹಾಕಿದ ದಿನ. ನೀವು ಮನೆ ಬಿಡುವ ದಿನ ಅವರು ಅಲ್ಲಿ ಇರುವುದಿಲ್ಲ. ಬರೆದ ಕರಾರಿನಲ್ಲಿ ಒಂದು ಇದ್ದು, ಬಾಯಲ್ಲಿ ಅದಕ್ಕೆ ವಿರುದ್ಧವಾಗಿ ಇನ್ನೊಂದು ಹೇಳಿದ್ದರೆ, ಸಾಕ್ಷ್ಯದ ಕಾನೂನು ಸಾಮಾನ್ಯವಾಗಿ ಬರೆದದ್ದನ್ನೇ ಹಿಡಿಯುತ್ತದೆ. 'ಬ್ರೋಕರ್ ಹಾಗೆ ಹೇಳಿದ್ದರು' ಎಂಬುದಕ್ಕೆ ಅಲ್ಲಿ ತೂಕ ಇರುವುದಿಲ್ಲ. ನೋಂದಣಿ ಮಾಡಿಸದ ಹನ್ನೊಂದು ತಿಂಗಳ ಕರಾರಿಗೆ ಬೆಲೆ ಇಲ್ಲ ಅನ್ನುವವರೂ ಇದ್ದಾರೆ. ಅದೂ ತಪ್ಪು. 1908ರ ನೋಂದಣಿ ಕಾಯ್ದೆ ಕಡ್ಡಾಯ ನೋಂದಣಿ ಕೇಳುವುದು ಒಂದು ವರ್ಷ ಮೀರಿದ ಅಥವಾ ವರ್ಷದಿಂದ ವರ್ಷಕ್ಕೆ ನಡೆಯುವ ಬಾಡಿಗೆಗೆ. ಹನ್ನೊಂದು ತಿಂಗಳ ಲೆಕ್ಕ ಹುಟ್ಟಿದ್ದೇ ಅದರಿಂದ ತಪ್ಪಿಸಿಕೊಳ್ಳಲಿಕ್ಕೆ. ಸರಿಯಾದ ಛಾಪಾ ಕಾಗದದ ಮೇಲೆ ಇಬ್ಬರೂ ಸಹಿ ಮಾಡಿದ್ದರೆ ಅದು ನಿಮ್ಮನ್ನು ಕಟ್ಟಿಹಾಕುತ್ತದೆ.

ಇನ್ನೊಂದು ಕಡೆ, ಲಾಕ್-ಇನ್ ಅಂದ ಕೂಡಲೇ ಹೆದರಿ ಓಡುವವರೂ ಇದ್ದಾರೆ. ಉಳಿದ ಬಾಡಿಗೆ ಪೂರ್ತಿ ಕೊಡಬೇಕು ಅಂತ ಬರೆದ ಮಾತ್ರಕ್ಕೆ ಕೋರ್ಟು ಕಣ್ಣು ಮುಚ್ಚಿ ಅಷ್ಟೂ ಕೊಡಿಸುವುದಿಲ್ಲ. 1872ರ ಕರಾರು ಕಾಯ್ದೆಯ ಸೆಕ್ಷನ್ 74 ಇಂಥ ದಂಡದ ಷರತ್ತಿಗೇ ಇರುವುದು. ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ, ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟೋ ಅಷ್ಟು ಅನ್ನುತ್ತದೆ ಅದು. ನೀವು ಬಿಟ್ಟ ಹದಿನೈದು ದಿನಕ್ಕೆ ಬೇರೆಯವರು ಬಂದು ಕೂತರೆ ಮಾಲೀಕರಿಗೆ ಆದ ನಷ್ಟ ಹದಿನೈದು ದಿನದ್ದು, ಉಳಿದ ಎಲ್ಲ ತಿಂಗಳದ್ದಲ್ಲ. ಆದರೆ ಎಲ್ಲ ತೀರ್ಪೂ ಒಂದೇ ಥರ ಇಲ್ಲ. ದೊಡ್ಡ ವಾಣಿಜ್ಯ ಮಳಿಗೆಗಳ ವಿಷಯದಲ್ಲಿ ಲಾಕ್-ಇನ್ ಬಾಡಿಗೆ ಪೂರ್ತಿ ಕೊಡಿ ಅಂದದ್ದೂ ಉಂಟು.

ಅದಕ್ಕಿಂತ ದೊಡ್ಡ ಸಂಗತಿ ಬೇರೆ ಇದೆ. ನಿಮ್ಮ ಅರವತ್ತು ಸಾವಿರ ಇರುವುದು ಕೋರ್ಟಿನಲ್ಲಲ್ಲ, ಮಾಲೀಕರ ಕೈಯಲ್ಲಿ. ಅವರು ಹಿಡಿದುಕೊಂಡರೆ ದಾವೆ ಹಾಕಬೇಕಾದವರು ನೀವು. ಅಷ್ಟು ಹಣಕ್ಕೆ ವರ್ಷಗಟ್ಟಲೆ ತಿರುಗುವವರು ಎಷ್ಟು ಜನ? ಕಾನೂನು ನಿಮ್ಮ ಕಡೆ ವಾಲಿದ್ದರೂ ದುಡ್ಡು ಅವರ ಕಡೆಯೇ ಇರುತ್ತದೆ. ಹಾಗಾಗಿ ಈ ಜಗಳವನ್ನು ಸಹಿಗೆ ಮೊದಲೇ, ಜಗಳ ಅಲ್ಲದ ಹಾಗೆ ಮುಗಿಸಿಕೊಳ್ಳಬೇಕು.

ನೀವು ಏನು ಕೇಳಬೇಕು ಅನ್ನುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. 'ಲಾಕ್-ಇನ್ ತೆಗೆದುಬಿಡಿ' ಅಂತ ಕೇಳುತ್ತಾರೆ. ಮಾಲೀಕರು ಒಪ್ಪಿ ಆ ಸಾಲು ಹೊಡೆದು ಹಾಕುತ್ತಾರೆ. ಎರಡೂ ಕಡೆ ಖುಷಿ. ಆದರೆ ಕರಾರಿನಲ್ಲಿ 'ಅವಧಿ ಹನ್ನೊಂದು ತಿಂಗಳು' ಅಂತ ಇದೆ, ನೋಟಿಸ್ ಕೊಟ್ಟು ನಡುವೆ ಬಿಡಬಹುದು ಅನ್ನುವ ಸಾಲು ಎಲ್ಲೂ ಇಲ್ಲ. ಆಗ ಏನಾಗುತ್ತದೆ? 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 106 ಪ್ರಕಾರ ತಿಂಗಳ ಬಾಡಿಗೆಯನ್ನು ಹದಿನೈದು ದಿನದ ನೋಟಿಸಿನಲ್ಲಿ ಮುಗಿಸಬಹುದು, ನಿಜ. ಆದರೆ ಅದು ಬೇರೆ ಕರಾರು ಇಲ್ಲದಾಗ. ಹನ್ನೊಂದು ತಿಂಗಳು ಅಂತ ಅವಧಿ ಬರೆದು, ಹೊರಬರುವ ಬಾಗಿಲನ್ನು ಬರೆಯದೇ ಇದ್ದರೆ ನೀವು ಒಬ್ಬರೇ ನಿರ್ಧರಿಸಿ ನಡುವೆ ಎದ್ದು ಹೋಗಲಿಕ್ಕೆ ಆಧಾರ ಸಿಗುವುದು ಕಷ್ಟ. ಲಾಕ್-ಇನ್ ಅನ್ನುವ ಪದ ಹೋಯಿತು, ಬೀಗ ಅಲ್ಲೇ ಉಳಿಯಿತು.

ಇದಕ್ಕೊಂದು ಜೋಡಿ ತಪ್ಪು ಇದೆ. ಲಾಕ್-ಇನ್ ಇರುವುದು ಕರಾರಿನ ನಾಲ್ಕನೇ ಕಲಮಿನಲ್ಲಿ ಅಂತ ಇಟ್ಟುಕೊಳ್ಳಿ. ಅದನ್ನು ತಿದ್ದಿಸುತ್ತೀರಿ. ಹತ್ತನೆಯದೋ ಹನ್ನೊಂದನೆಯದೋ ಕಲಮಿನಲ್ಲಿ 'ಅವಧಿಗೆ ಮುನ್ನ ಮನೆ ಖಾಲಿ ಮಾಡಿದಲ್ಲಿ ಮುಂಗಡ ಹಣ ಮುಟ್ಟುಗೋಲು' ಅಂತ ಹಾಗೇ ಕೂತಿರುತ್ತದೆ. ಈಗ ಊರಲ್ಲಿ ಓಡಾಡುವ ಎಷ್ಟೋ ನಮೂನೆಗಳು ಬೆಂಗಳೂರಿನ ಫ್ಲ್ಯಾಟುಗಳಿಗೆ ಬರೆದದ್ದು, ಯಾರದೋ ಮೊಬೈಲಿನಿಂದ ಇನ್ಯಾರದೋ ಮೊಬೈಲಿಗೆ ಬಂದದ್ದು. ವಿನೋಬನಗರದ ಮಹಡಿ ಮನೆಯ ಕರಾರಿನಲ್ಲಿ ಕ್ಲಬ್ ಹೌಸ್ ನಿಯಮ ಇದ್ದದ್ದನ್ನು ನಾನೇ ಓದಿದ್ದೇನೆ. ಎಷ್ಟೋ ಮಾಲೀಕರು ತಮ್ಮ ಕರಾರನ್ನು ಪೂರ್ತಿ ಓದಿರುವುದೇ ಇಲ್ಲ. ಇದು ನಿಮಗೆ ಒಳ್ಳೆಯದೇ. ಓದದ ಷರತ್ತಿನ ಮೇಲೆ ಹಠ ಕಡಿಮೆ ಇರುತ್ತದೆ.

ಲಾಕ್-ಇನ್ ಪೂರ್ತಿ ತೆಗೆಸುವುದರಲ್ಲಿ ಇನ್ನೊಂದು ಬದಿಯೂ ಇದೆ. ಚೆನ್ನಾಗಿ ಬರೆದ ಲಾಕ್-ಇನ್ ಮಾಲೀಕರನ್ನೂ ಕಟ್ಟುತ್ತದೆ, ಆ ಅವಧಿಯಲ್ಲಿ ಅವರು ನಿಮ್ಮನ್ನು ಬಿಡಿಸುವಂತಿಲ್ಲ. ಎರಡೂ ಕಡೆಗೂ ತೆಗೆದರೆ 'ಮಗ ಅಮೆರಿಕದಿಂದ ಬರ್ತಾನೆ, ಮುಂದಿನ ತಿಂಗಳು ಖಾಲಿ ಮಾಡಿ' ಅನ್ನಲು ದಾರಿ ಆಯಿತು. ವಯಸ್ಸಾದ ಅಮ್ಮನನ್ನು ಕರೆದುಕೊಂಡು ಮಳೆಗಾಲದಲ್ಲಿ ಮನೆ ಹುಡುಕುವುದು ಬೇಡ, ಅಲ್ವಾ? ನಿಮಗೆ ಬೇಕಿರುವುದು ಬೀಗ ಇಲ್ಲದ ಮನೆಯಲ್ಲ, ಕೆಲಸ ಹೋದರೆ ಮಾತ್ರ ತೆರೆಯುವ ಒಂದು ಬಾಗಿಲು. ಆ ಬಾಗಿಲು ಕೇಳಬೇಕೆಂದರೆ ಕೆಲಸದ ವಿಷಯ ಹೇಳಲೇಬೇಕು.

ಹೇಳದಿದ್ದರೆ ಕಾನೂನು ತಪ್ಪೇ ಅಂತ ಕೆಲವರು ಕೇಳುತ್ತಾರೆ. ಸುಮ್ಮನಿರುವುದೇ ವಂಚನೆ ಅಂತ ಕರಾರು ಕಾಯ್ದೆ ಹೇಳುವುದಿಲ್ಲ, ಹೇಳಲೇಬೇಕಾದ ಕರ್ತವ್ಯ ಇದ್ದಾಗಿನ ಮಾತು ಬೇರೆ. ಆದರೆ 'ಕೆಲಸ ಪರ್ಮನೆಂಟಾ?' ಅಂತ ಅವರು ನೇರ ಕೇಳಿ, ನೀವು 'ಹೌದು' ಅಂದರೆ ಅದು ಮೌನ ಅಲ್ಲ, ಸುಳ್ಳು. ನಮ್ಮ ಊರಲ್ಲಿ ಈ ಪ್ರಶ್ನೆ ಕೇಳದ ಮಾಲೀಕರು ಅಪರೂಪ. ಊರು ಯಾವುದು, ತೋಟ ಎಷ್ಟು, ಕೆಲಸ ಎಲ್ಲಿ, ಪರ್ಮನೆಂಟಾ. ಕಾಫಿ ಲೋಟ ಖಾಲಿ ಆಗುವುದರೊಳಗೆ ಎಲ್ಲಾ ಕೇಳಿ ಮುಗಿದಿರುತ್ತದೆ.

ಮಾಚೇನಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಮೇಲಿದ್ದ ಹುಡುಗನೊಬ್ಬ ನನ್ನ ಹತ್ತಿರ ಬಂದಿದ್ದ. ಮನೆ ಹಿಡಿಯುವಾಗ ಪರ್ಮನೆಂಟ್ ಅಂದಿದ್ದ. ಐದನೇ ತಿಂಗಳಿಗೆ ಆರ್ಡರ್ ಕಡಿಮೆ ಆಗಿ ಗುತ್ತಿಗೆಯವರನ್ನು ಬಿಟ್ಟರು. ಆತ ಮಾಲೀಕರ ಹತ್ತಿರ ಹೋಗಿ ಕೆಲಸ ಹೋಯಿತು ಅಂದ. ಅವರು ಮೆತ್ತಗಿನ ಮನುಷ್ಯ, ಅರ್ಧಕ್ಕರ್ಧ ಒಪ್ಪಿದ್ದರು. ಆದರೆ ಪರ್ಮನೆಂಟ್ ನೌಕರನನ್ನು ಹೀಗೆ ಬಿಡುತ್ತಾರಾ ಅಂತ ಅವರ ಹೆಂಡತಿಗೆ ಅನುಮಾನ ಬಂತು. ವಿಷಯ ಹೊರಬಿತ್ತು. ಅಲ್ಲಿಂದ ಮುಂದೆ ಮಾತುಕತೆ ದುಡ್ಡಿನದ್ದಾಗಿ ಉಳಿಯಲಿಲ್ಲ. 'ನಮ್ಮ ಮನೆಯಲ್ಲಿ ಕೂತು ನಮಗೇ ಸುಳ್ಳು ಹೇಳಿದ' ಅನ್ನುವುದೇ ದೊಡ್ಡದಾಯಿತು. ಮೂರು ತಿಂಗಳು ಓಡಾಡಿ ಕೊನೆಗೆ ಅಡ್ವಾನ್ಸಿನಲ್ಲಿ ಮೂವತ್ತು ಸಾವಿರ ಬಿಟ್ಟುಕೊಟ್ಟು ಮುಗಿಸಿಕೊಂಡ. ಮೊದಲೇ ಹೇಳಿದ್ದರೆ ಆ ಮನೆ ಸಿಗುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಬಿಡುವಾಗ ಇಷ್ಟು ಕಷ್ಟ ಆಗುತ್ತಿರಲಿಲ್ಲ.

ನಿಜ ಹೇಳುವುದು ಅಂದರೆ ಅಳುಕುತ್ತಾ 'ನನ್ನ ಕೆಲಸ ಯಾವಾಗ ಹೋಗುತ್ತೋ ಗೊತ್ತಿಲ್ಲ' ಅನ್ನುವುದಲ್ಲ. ಅದನ್ನು ಕೇಳಿದ ಯಾರೂ ಮನೆ ಕೊಡುವುದಿಲ್ಲ, ನಾನಾದರೂ ಕೊಡುತ್ತಿರಲಿಲ್ಲ. ಮಾಲೀಕರಿಗೆ ಬೇಕಿರುವುದು ತಾರೀಖು. ಅವರ ಭಯ ಏನು ಅಂತ ಸ್ವಲ್ಪ ಅವರ ಜಗಲಿ ಮೇಲೆ ಕೂತು ಯೋಚಿಸಿ. ನೀವು ಆರೇ ತಿಂಗಳಿಗೆ ಹೋಗುವುದು ಅವರಿಗೆ ಅಷ್ಟು ದೊಡ್ಡದಲ್ಲ. ಹೋದ ಮೇಲೆ ಮನೆ ಎಷ್ಟು ದಿನ ಖಾಲಿ ಬೀಳುತ್ತದೆ ಅನ್ನುವುದು ದೊಡ್ಡದು. ಅದು ನೀವು ಯಾವ ತಿಂಗಳಲ್ಲಿ ಹೋಗುತ್ತೀರಿ ಅನ್ನುವುದರ ಮೇಲೆ ನಿಂತಿದೆ.

ಶಿವಮೊಗ್ಗದಲ್ಲಿ ಮನೆ ಬದಲಾಯಿಸುವವರು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳಲ್ಲಿ ಓಡಾಡುತ್ತಾರೆ. ಪರೀಕ್ಷೆ ಮುಗಿದಿರುತ್ತದೆ, ಶಾಲೆ ಶುರುವಾಗಿರುವುದಿಲ್ಲ, ವರ್ಗಾವಣೆಯೂ ಆಗ ಜಾಸ್ತಿ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಸಾಮಾನು ಸಾಗಿಸುವವರು ಕಡಿಮೆ. ಅದರ ಬೆನ್ನಿಗೇ ಆಷಾಢ. ಆಷಾಢದಲ್ಲಿ ಹೊಸ ಮನೆಗೆ ಹಾಲು ಉಕ್ಕಿಸಲು ನಮ್ಮವರು ಒಪ್ಪುವುದಿಲ್ಲ. ಜೂನ್ ಕೊನೆಗೆ ಖಾಲಿಯಾದ ಮನೆ ಶ್ರಾವಣದವರೆಗೆ ಬಾಗಿಲು ಹಾಕಿಯೇ ಇರುವುದು ಸಾಮಾನ್ಯ. ಬಾಗಿಲು ಹಾಕಿದ ಮನೆಗೆ ಮಲೆನಾಡ ಮಳೆಯಲ್ಲಿ ಏನಾಗುತ್ತದೆ ಅಂತ ಹೊಸನಗರದವರಿಗೆ ನಾನು ಹೇಳಬೇಕೇ? ಗೋಡೆಗೆ ಬೂಷ್ಟು, ಕಪಾಟಿಗೆ ಮುಗ್ಗಲು ವಾಸನೆ, ಮತ್ತೆ ಪೇಂಟಿಂಗ್ ಖರ್ಚು.

ಈಗ ನಿಮ್ಮ ತಾರೀಖು ನೋಡಿ. ಗುತ್ತಿಗೆ ಮುಗಿಯುವುದು ಮೇ 31ಕ್ಕೆ. ಮೇ ಕೊನೆಗೆ ಖಾಲಿಯಾಗುವ ಮನೆಗೆ ಜನ ಆ ತಿಂಗಳ ಉದ್ದಕ್ಕೂ ಬಂದು ನೋಡುತ್ತಾರೆ. ಮಾಲೀಕರಿಗೆ ಅದಕ್ಕಿಂತ ಒಳ್ಳೆಯ ತಿಂಗಳು ಇಲ್ಲ. ನೀವು ಮುಚ್ಚಿಡಲು ಹೊರಟ ಸಂಗತಿಯೇ ನಿಮ್ಮ ಕೈಯಲ್ಲಿರುವ ಒಳ್ಳೆಯ ಎಲೆ.

ಆದರೆ ಒಂದು ಗಂಟು ಇದೆ, ಇದನ್ನು ಬಿಚ್ಚದೆ ಮುಂದೆ ಹೋಗಬೇಡಿ. ಆಸ್ಪತ್ರೆಯವರು ಮುಂದುವರಿಸುತ್ತೇವೋ ಇಲ್ಲವೋ ಅಂತ ಯಾವಾಗ ಹೇಳುತ್ತಾರೆ? ನನ್ನ ಅನುಭವದಲ್ಲಿ ಹೆಚ್ಚಿನ ಕಡೆ ಕೊನೆಯ ವಾರದಲ್ಲಿ. ಕೆಲವು ಕಡೆ ಹೇಳುವುದೇ ಇಲ್ಲ, ಗುತ್ತಿಗೆ ತನ್ನಷ್ಟಕ್ಕೆ ಮುಗಿದುಹೋಗುತ್ತದೆ. ಬಾಡಿಗೆಗೆ ಒಂದು ತಿಂಗಳ ನೋಟಿಸ್ ಇದ್ದರೆ ಮೇ 31ಕ್ಕೆ ಬಿಡಲು ಏಪ್ರಿಲ್ 30ಕ್ಕೇ ಹೇಳಬೇಕು. ಆಗ ನಿಮಗೇ ಗೊತ್ತಿರುವುದಿಲ್ಲ. ಮೇ 31ಕ್ಕೆ ಗೊತ್ತಾಗಿ ಅವತ್ತು ನೋಟಿಸ್ ಕೊಟ್ಟರೆ ಬಿಡುವುದು ಜೂನ್ 30ಕ್ಕೆ, ಸಂಬಳ ಇಲ್ಲದ ತಿಂಗಳು ಬಾಡಿಗೆ ಕಟ್ಟಿ. ಅವರಿಗೂ ಆಷಾಢದ ಬಾಯಿಗೆ ಮನೆ ಸಿಕ್ಕಿತು. ಇಬ್ಬರಿಗೂ ನಷ್ಟ.

ಈಗಿನ ಕರಾರಿಗೆ ಹಾಗೇ ಸಹಿ ಹಾಕಿದರೆ ಆ ಜೂನ್ 30ರಂದು ಲೆಕ್ಕ ಹೇಗಿರುತ್ತದೆ ಅಂತ ಬರೆದು ನೋಡಿದೆ. ಡಿಸೆಂಬರಿನಿಂದ ಜೂನ್‌ವರೆಗೆ ಏಳು ತಿಂಗಳು ಇದ್ದೀರಿ. ಹನ್ನೊಂದರಲ್ಲಿ ಉಳಿದದ್ದು ನಾಲ್ಕು. ನಾಲ್ಕು ತಿಂಗಳ ಬಾಡಿಗೆ 48,000. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ರೂಢಿ, ಅದು 12,000. ಒಟ್ಟು 60,000. ಅಡ್ವಾನ್ಸ್ ಅಲ್ಲಿಗೆ ಮುಗಿಯಿತು, ಒಂದು ರೂಪಾಯಿ ವಾಪಸ್ ಬರುವುದಿಲ್ಲ. ಮುಂದೆ ಬರೆದಿರುವ ಷರತ್ತು ಇದ್ದಿದ್ದರೆ ಅದೇ ದಿನ ಬಿಟ್ಟರೂ ಪೇಂಟಿಂಗ್ ಕಳೆದು 48,000 ನಿಮ್ಮ ಕೈಗೆ ಬರುತ್ತಿತ್ತು.

ಹಾಗಾದರೆ ಹೇಗೆ ಕೇಳಬೇಕು? ಬ್ರೋಕರ್ ಮೂಲಕ ಬೇಡ. ಅಮ್ಮನನ್ನೂ ಕರೆದುಕೊಂಡು ಒಂದು ಸಂಜೆ ನೀವೇ ಹೋಗಿ. ಮನೆಯ ಯಜಮಾನರ ಜೊತೆ ಯಜಮಾನತಿಯೂ ಕೂತಿರುವಾಗ ಮಾತಾಡಿ. ಕರಾರಿಗೆ ಸಹಿ ಹಾಕುವವರು ಒಬ್ಬರು, ನಿರ್ಧಾರ ಮಾಡುವವರು ಇನ್ನೊಬ್ಬರು ಇರುವ ಮನೆಗಳೇ ಹೆಚ್ಚು. ನೇಮಕಾತಿ ಪತ್ರದ ಜೆರಾಕ್ಸ್ ಕೈಯಲ್ಲಿರಲಿ. ಸಂಬಳದ ಸಾಲನ್ನು ಮುಚ್ಚಿ ಜೆರಾಕ್ಸ್ ಮಾಡಿಸಿದರೂ ತಪ್ಪಿಲ್ಲ, ಅವರಿಗೆ ಬೇಕಿರುವುದು ತಾರೀಖು ಮಾತ್ರ. ಮಾತು ಹೀಗೆ ಹೋದರೆ ಸಾಕು:

'ಆಂಟಿ, ಮನೆ ನಮಗೆ ತುಂಬ ಹಿಡಿಸಿದೆ. ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ನನ್ನ ಕೆಲಸ ಮೇ 31ರವರೆಗೆ ಗುತ್ತಿಗೆ. ಮುಂದುವರಿಸಬಹುದು ಅಂದಿದ್ದಾರೆ, ಬರೆದು ಕೊಟ್ಟಿಲ್ಲ. ಮುಂದುವರಿದರೆ ನಾವು ಇಲ್ಲೇ ಇರ್ತೀವಿ. ಮುಂದುವರಿಯದಿದ್ದರೆ ಮಾತ್ರ ಊರಿಗೆ ಹೋಗಬೇಕಾಗುತ್ತೆ. ಹಾಗಾದರೆ ನಿಮಗೆ ಆಷಾಢದಲ್ಲಿ ಮನೆ ಖಾಲಿ ಬೀಳದ ಹಾಗೆ ಏಪ್ರಿಲ್‌ನಲ್ಲೇ ತಿಳಿಸ್ತೀನಿ. ಮೇನಲ್ಲಿ ಯಾರಾದರೂ ಮನೆ ನೋಡೋಕೆ ಬಂದರೆ ತೋರಿಸ್ತೀವಿ.'

ಇಷ್ಟೇ. 'ಖಂಡಿತ ರಿನ್ಯೂ ಆಗುತ್ತೆ ಆಂಟಿ' ಅಂತ ಬಾಯಿ ತಪ್ಪಿಯೂ ಹೇಳಬೇಡಿ. ಆಗದಿದ್ದಾಗ ಅದೇ ಮಾತು ಸುಳ್ಳಾಗಿ ವಾಪಸ್ ಬರುತ್ತದೆ. ಮನೆಯ ಕಷ್ಟ, ಅಪ್ಪನ ಸಾಲ, ಇವೆಲ್ಲ ಬೇಡ. ಕನಿಕರದಿಂದ ಸಿಕ್ಕ ರಿಯಾಯಿತಿ ಜಗಳದ ದಿನ ಮೊದಲು ಹಂಗಿಸುವ ಮಾತಾಗುತ್ತದೆ.

'ಏಪ್ರಿಲ್‌ನಲ್ಲೇ ತಿಳಿಸ್ತೀನಿ' ಅನ್ನುವುದೇ ಆ ಗಂಟು ಬಿಚ್ಚುವ ದಾರಿ. ಏಪ್ರಿಲ್ ಕೊನೆಗೆ ನೀವು ಖಚಿತ ನೋಟಿಸ್ ಕೊಡಲಾರಿರಿ, ಆದರೆ 'ಇನ್ನೂ ಪತ್ರ ಬಂದಿಲ್ಲ, ಬಿಡಬೇಕಾಗಬಹುದು' ಅಂತ ಒಂದು ಮುನ್ಸೂಚನೆ ಕೊಡಬಹುದು. ಅದನ್ನು ವಾಟ್ಸಾಪಿನಲ್ಲೇ ಕಳಿಸಿ, ತಾರೀಖು ಉಳಿಯುತ್ತದೆ. ಮೇ 15ಕ್ಕೆ ಪಕ್ಕಾ ಹೇಳಿ. ಆಸ್ಪತ್ರೆಯ ಎಚ್‌ಆರ್‌ನವರಿಗೂ ಏಪ್ರಿಲ್‌ನಲ್ಲೇ ಒಂದು ಇಮೇಲ್ ಹಾಕಿ, ಮೇ 10ರೊಳಗೆ ತಿಳಿಸಿ ಅಂತ ಕೇಳಿ. ಉತ್ತರ ಬರದಿದ್ದರೂ ನೀವು ಕೇಳಿದ್ದಕ್ಕೆ ದಾಖಲೆ ಆಯಿತು.

ಮಾಲೀಕರು ಒಪ್ಪಿದರೆ ಕರಾರಿನಲ್ಲಿ ಬರೆಸಬೇಕಾದ ಸಾಲುಗಳು ಹೆಚ್ಚು ಕಡಿಮೆ ಹೀಗಿರಲಿ:

"ಕರಾರಿನ ಅವಧಿ ಡಿಸೆಂಬರ್ 1ರಿಂದ 11 ತಿಂಗಳು. ಮೊದಲ 3 ತಿಂಗಳು ಬಾಡಿಗೆದಾರರು ಮನೆ ಖಾಲಿ ಮಾಡುವಂತಿಲ್ಲ. ನಂತರ 1 ತಿಂಗಳ ಲಿಖಿತ ನೋಟಿಸ್ ಕೊಟ್ಟು ಖಾಲಿ ಮಾಡಬಹುದು. ಬಾಡಿಗೆದಾರರ ಈಗಿನ ಉದ್ಯೋಗದ ಗುತ್ತಿಗೆ ಮುಂದುವರಿಯದಿದ್ದರೆ, ಅಥವಾ ಮೇ 15ರೊಳಗೆ ಮುಂದುವರಿಕೆಯ ಪತ್ರ ಬಾರದಿದ್ದರೆ, ಅಥವಾ ಸಂಸ್ಥೆಯೇ ಅವಧಿಗೆ ಮೊದಲು ಕೆಲಸದಿಂದ ಬಿಡಿಸಿದರೆ, ಮೊದಲ 3 ತಿಂಗಳೂ ಸೇರಿದಂತೆ ಯಾವಾಗಲಾದರೂ 15 ದಿನಗಳ ಲಿಖಿತ ನೋಟಿಸ್ ಕೊಟ್ಟು ಖಾಲಿ ಮಾಡಬಹುದು. ಹೀಗೆ ಖಾಲಿ ಮಾಡಿದಾಗ ಉಳಿದ ಅವಧಿಯ ಬಾಡಿಗೆಯಾಗಲಿ ದಂಡವಾಗಲಿ ಇರುವುದಿಲ್ಲ. ವಾಟ್ಸಾಪ್ ಸಂದೇಶವೂ ಲಿಖಿತ ನೋಟಿಸ್ ಎನಿಸುತ್ತದೆ. ಬಾಡಿಗೆ ಸರಿಯಾಗಿ ಸಲ್ಲುತ್ತಿರುವವರೆಗೆ ಮಾಲೀಕರು 11 ತಿಂಗಳ ಒಳಗೆ ಮನೆ ಬಿಡಿಸುವಂತಿಲ್ಲ. ಬೀಗದ ಕೈ ಒಪ್ಪಿಸಿದ 15 ದಿನದೊಳಗೆ ಮುಂಗಡ ಹಣ ಹಿಂತಿರುಗಿಸತಕ್ಕದ್ದು. ಈ ಕರಾರಿನ ಬೇರೆ ಯಾವುದೇ ಕಲಮು ಇದಕ್ಕೆ ವಿರುದ್ಧವಾಗಿದ್ದರೆ ಈ ಕಲಮೇ ನಡೆಯುತ್ತದೆ."

'ಮೇ 15ರೊಳಗೆ ಪತ್ರ ಬಾರದಿದ್ದರೆ' ಅನ್ನುವ ತುಂಡನ್ನು ಬಿಡಬೇಡಿ. ಬರೀ 'ಕೆಲಸದಿಂದ ತೆಗೆದ ಪತ್ರ ತೋರಿಸಿದರೆ' ಅಂತ ಬರೆದರೆ, ಸದ್ದಿಲ್ಲದೆ ಮುಗಿದ ಗುತ್ತಿಗೆಗೆ ನೀವು ಯಾವ ಪತ್ರ ತೋರಿಸುತ್ತೀರಿ? ಕೊನೆಯ ಸಾಲು ಆ ಹನ್ನೊಂದನೇ ಕಲಮಿನ ಮುಟ್ಟುಗೋಲಿಗೆ ಮದ್ದು. ಹಾಗಂತ ಆ ಕಲಮನ್ನು ಹಾಗೇ ಬಿಡಬೇಡಿ, ಸಾಧ್ಯವಾದರೆ ಹೊಡೆಸಿಯೇ ಬಿಡಿ. ಇದರಿಂದ ನಿಮಗೆ ಸಿಗದ್ದೂ ಒಂದಿದೆ. ನೀವಾಗಿ ಕೆಲಸ ಬಿಟ್ಟು ಮಂಗಳೂರಿಗೋ ಬೆಂಗಳೂರಿಗೋ ಹೋದರೆ ಈ ಹದಿನೈದು ದಿನದ ಬಾಗಿಲು ತೆರೆಯುವುದಿಲ್ಲ, ಮಾಮೂಲಿ ಒಂದು ತಿಂಗಳ ನೋಟಿಸೇ. ಅದು ನ್ಯಾಯ. ಅದನ್ನೂ ಸೇರಿಸಿ ಕೇಳಲು ಹೋದರೆ ಇಡೀ ಷರತ್ತೇ ಕೈತಪ್ಪಬಹುದು.

ಮಾಲೀಕರು ಇಷ್ಟಕ್ಕೆ ಒಪ್ಪದಿದ್ದರೆ? 'ಎಂತದೂ ಬೇಡ, ಕೊನೇ ಪಕ್ಷ ನಮಗೆ ಒಂದು ತಿಂಗಳ ಬಾಡಿಗೆ ಆದ್ರೂ ಗ್ಯಾರಂಟಿ ಬೇಕು' ಅಂದರು ಅಂತಿಟ್ಟುಕೊಳ್ಳಿ. ಅದು ಕೆಟ್ಟ ಮಾತಲ್ಲ. ಲಾಕ್-ಇನ್ ಒಳಗೆ ಯಾವ ಕಾರಣಕ್ಕೆ ಬಿಟ್ಟರೂ ಒಂದು ತಿಂಗಳ ಬಾಡಿಗೆ ಕೊಟ್ಟು ಮುಗಿಸುವುದು, ಅದಕ್ಕಿಂತ ಜಾಸ್ತಿ ಇಲ್ಲ ಅಂತ ಬರೆಸಿ. ನಿಮ್ಮ ಅಪಾಯ 48,000ದಿಂದ 12,000ಕ್ಕೆ ಇಳಿಯಿತು. ಕಾರಣ ಕೇಳುವಂತಿಲ್ಲ, ಪತ್ರ ತೋರಿಸಬೇಕಿಲ್ಲ, ಹಾಗಾಗಿ ಜಗಳಕ್ಕೂ ಜಾಗ ಇಲ್ಲ. ನಿಜ ಹೇಳಬೇಕೆಂದರೆ ಕೆಲವರಿಗೆ ನಾನು ಇದನ್ನೇ ಮೊದಲು ಹೇಳುತ್ತೇನೆ. ಬರೆಯುವಾಗ ಒಂದೇ ಎಚ್ಚರ: ಆ ಒಂದು ತಿಂಗಳು ನೋಟಿಸ್ ತಿಂಗಳ ಜೊತೆ ಸೇರಿಯೋ, ಬೇರೆಯೋ ಅನ್ನುವುದು ಸ್ಪಷ್ಟ ಇರಲಿ. ಬೇರೆ ಆದರೆ ಎರಡು ತಿಂಗಳ ಹಣ ಆಯಿತು.

'ನೀವು ಹೋಗುವುದಾದರೆ ಬದಲಿ ಬಾಡಿಗೆದಾರರನ್ನು ನೀವೇ ಹುಡುಕಿಕೊಡಿ' ಅನ್ನುವವರೂ ಇದ್ದಾರೆ. ಕೇಳಲು ಸುಲಭ. ಆದರೆ ನೀವು ತಂದವರನ್ನು 'ನಾವು ಅವರಿಗೆ ಕೊಡುವುದಿಲ್ಲ' ಅಂತ ಒಬ್ಬೊಬ್ಬರನ್ನೇ ತಳ್ಳುತ್ತಾ ಹೋದರೆ ಜವಾಬ್ದಾರಿ ನಿಮ್ಮ ತಲೆ ಮೇಲೇ ಉಳಿಯುತ್ತದೆ. ಇದಕ್ಕೆ ಒಪ್ಪಲೇಬೇಕಾದರೆ ಇಬ್ಬರನ್ನು ತೋರಿಸಿದ ಮೇಲೆ ಅವರು ಒಪ್ಪಲಿ ಬಿಡಲಿ, ನಿಮ್ಮ ಹೊಣೆ ಮುಗಿಯಿತು ಅಂತ ಬರೆಸಿ. ಬಂದವರು ಹೊಸ ಕರಾರು ಮಾಡಿಕೊಳ್ಳಲಿ. ನಿಮ್ಮ ಕರಾರಿನ ಮೇಲೆ ಅವರನ್ನು ಕೂರಿಸಿ ಹೋಗಬೇಡಿ.

ಡ್ರಾಫ್ಟನ್ನು ಛಾಪಾ ಕಾಗದಕ್ಕೆ ಇಳಿಸುವ ಮೊದಲು ವಾಟ್ಸಾಪಿನಲ್ಲಿ ತರಿಸಿಕೊಂಡು ನಿಧಾನ ಓದಿ. ಪ್ರಿಂಟ್ ಆಗಿಹೋಗಿದೆ ಅಂದರೆ ಪೆನ್ನಿನಲ್ಲೇ ತಿದ್ದಿ, ತಿದ್ದಿದ ಪ್ರತಿ ಜಾಗದ ಪಕ್ಕದಲ್ಲಿ ಇಬ್ಬರೂ ಸಹಿ ಹಾಕಿ. ಒಬ್ಬರದೇ ಸಹಿ ಇದ್ದರೆ ಆ ತಿದ್ದುಪಡಿ ಯಾವಾಗ, ಯಾರು ಮಾಡಿದ್ದು ಅಂತ ಮತ್ತೊಂದು ತಕರಾರು ಹುಟ್ಟುತ್ತದೆ. ನಿಮ್ಮ ಕೈಯಲ್ಲೂ ಒಂದು ಪ್ರತಿ ಇರಲಿ.

ಎಲ್ಲ ಹೇಳಿದ ಮೇಲೂ ಅವರು 'ಹನ್ನೊಂದು ತಿಂಗಳೂ ಇರಬೇಕು, ಇಲ್ಲಾಂದ್ರೆ ಪೂರ್ತಿ ಬಾಡಿಗೆ' ಅಂದರೆ ಆ ಮನೆ ಬಿಡಿ. ಗೋಪಾಳ, ನವುಲೆ, ಸವಳಂಗ ರಸ್ತೆ ಕಡೆ ಒಂದು ಸುತ್ತು ಹಾಕಿ. ಹಳೆಯ ಬಡಾವಣೆಗಳಲ್ಲಿ ಕೆಳಗೆ ಮಾಲೀಕರು, ಮೇಲೆ ಬಾಡಿಗೆ ಇರುವ ಮನೆಗಳಲ್ಲಿ ಲಾಕ್-ಇನ್ ಅನ್ನುವ ಪದವನ್ನೇ ಕೇಳದ ಮಾಲೀಕರು ಈಗಲೂ ಇದ್ದಾರೆ. ಒಂದು ತಿಂಗಳು ಮೊದಲು ಹೇಳಿ ಅಂತಾರೆ, ಅಷ್ಟೇ. ಅಲ್ಲೂ ಆ ಒಂದು ತಿಂಗಳನ್ನು ಬರೆಸಿಕೊಳ್ಳಿ. ಡಿಸೆಂಬರ್ 1ರೊಳಗೆ ಸಿಗದಿದ್ದರೆ ನೀವೊಬ್ಬರೇ ಒಂದೆರಡು ತಿಂಗಳು ಪಿಜಿಯಲ್ಲಿದ್ದು, ಮನೆ ಸಿಕ್ಕ ಮೇಲೆ ಅಮ್ಮನನ್ನು ಕರೆಸಿಕೊಳ್ಳಬಹುದು. ಅಷ್ಟರಲ್ಲಿ ಆಸ್ಪತ್ರೆಯ ಗಾಳಿ ಯಾವ ಕಡೆ ಬೀಸುತ್ತಿದೆ ಅನ್ನುವುದೂ ನಿಮಗೆ ಸ್ವಲ್ಪ ತಿಳಿದಿರುತ್ತದೆ.

ಮನೆ ಹಿಡಿದರೆ ಇನ್ನೊಂದು ಸಣ್ಣ ಕೆಲಸ ಇದೆ. ಸಾಮಾನು ಇಳಿಸುವ ಮೊದಲು ಎಲ್ಲ ಗೋಡೆಗಳ ಫೋಟೋ ತೆಗೆದು ಮಾಲೀಕರಿಗೇ ಕಳಿಸಿ, ಕಿಟಕಿಯ ಕೆಳಗಿನ ಮೂಲೆಗಳನ್ನು ಬಿಡಬೇಡಿ. ಡಿಸೆಂಬರಿನಲ್ಲಿ ಸುಣ್ಣ ಬಳಿದು ಚೆಂದ ಕಾಣುವ ಗೋಡೆಯಲ್ಲೂ ಹಳೆಯ ಮಳೆಗಾಲದ ಕಲೆಯ ಅಂಚು ಹತ್ತಿರದಿಂದ ನೋಡಿದರೆ ಕಾಣುತ್ತದೆ. ಬಿಡುವ ದಿನ ಪೇಂಟಿಂಗಿಗೆ ಹನ್ನೆರಡು ಸಾವಿರಕ್ಕಿಂತ ಜಾಸ್ತಿ ಕೇಳಿದರೆ ತೋರಿಸಲು ಆ ಫೋಟೋ ಬೇಕಾಗುತ್ತದೆ.